'ಬಿಟ್ವೀನ್ ಯು ಅಂಡ್ ಐ': ದೋಷ ಎಲ್ಲಿದೆ, ಹಿಡಿಯೋದು ಹೇಗೆ

ನಾನಿರುವುದು ವಾಟರ್‌ಪ್ರೂಫಿಂಗ್ ಮಾಡುವ ಒಂದು ಸಣ್ಣ ಆಫೀಸಿನಲ್ಲಿ. ಸೋರುವ ಟೆರೇಸು, ಒಸರುವ ಗೋಡೆ, ನೀರು ನಿಲ್ಲದ ಸಂಪು, ದಿನವೆಲ್ಲ ಇದೇ ಮಾತು. ಇಂಗ್ಲಿಷಿನಲ್ಲಿ ಹೋಗುವ ಮೇಲ್ ಮಾತ್ರ ಒಂದು ಸಲ ನನ್ನ ಕಣ್ಣಿಗೆ ಬಿದ್ದೇ ಹೋಗಬೇಕು ಅಂತ ಯಾವತ್ತೋ ಒಂದು ರೂಢಿಯಾಗಿಬಿಟ್ಟಿದೆ. ಹಾಗಾಗಿ ಒಂದೇ ತಪ್ಪು ಬೇರೆ ಬೇರೆ ಕೈಯಲ್ಲಿ ಹೇಗೆ ಮರುಕಳಿಸುತ್ತದೆ ಅಂತ ನೋಡುವ ಅವಕಾಶ ನನಗೆ ಜಾಸ್ತಿ.

ಹೋದ ತಿಂಗಳು ಸಹೋದ್ಯೋಗಿಯೊಬ್ಬರು ಒಂದು ಮೇಲ್ ತೋರಿಸಿದರು. ಕೆಮಿಕಲ್ ಸಪ್ಲೈಯರ್‌ಗೆ ಬರೆದದ್ದು. ಅದರಲ್ಲಿ ಆರು ವಾಕ್ಯಗಳು ಈ ಬರಹಕ್ಕೆ ಬೇಕು. ಹೆಸರು ಬದಲಿಸಿದ್ದೇನೆ, ಮಿಕ್ಕದ್ದು ಇದ್ದ ಹಾಗೇ ಇದೆ.

ಒಂದು: 'ವಿನಯ್ ಅಂಡ್ ಐ ವಿಸಿಟೆಡ್ ದ ಸೈಟ್ ಆನ್ ಮಂಡೇ.'
ಎರಡು: 'ದ ಓನರ್ ಷೋಡ್ ವಿನಯ್ ಅಂಡ್ ಐ ದ ಲೀಕೇಜ್.'
ಮೂರು: 'ಹಿ ಆಸ್ಕ್‌ಡ್ ವಿನಯ್ ಅಂಡ್ ಐ ಟು ಕಮ್ ಅಗೇನ್.'
ನಾಲ್ಕು: 'ಹಿ ಥಿಂಕ್ಸ್ ವಿನಯ್ ಅಂಡ್ ಐ ಆರ್ ಟೂ ಸ್ಲೋ.'
ಐದು: 'ಬಿಟ್ವೀನ್ ಯು ಅಂಡ್ ಐ, ದ ಬಿಲ್ಡರ್ ಡಿಡ್ ಎ ಬ್ಯಾಡ್ ಜಾಬ್.'
ಆರು: 'ಪ್ಲೀಸ್ ಸೆಂಡ್ ದ ಕೊಟೇಶನ್ ಟು ವಿನಯ್ ಆರ್ ಮೈಸೆಲ್ಫ್.'

ಮುಂದೆ ಓದುವ ಮೊದಲು ಯಾವುದು ಸರಿ, ಯಾವುದು ತಪ್ಪು ಅಂತ ನೀವೇ ಒಂದು ಗುರುತು ಹಾಕಿಕೊಳ್ಳಿ. ಉತ್ತರಕ್ಕೆ ಆಮೇಲೆ ಬರೋಣ.

ದೋಷ ಕಾಣಿಸಿಕೊಳ್ಳುವ ಜಾಗ

'ಮಿ' ಬರಬೇಕಾದ ಕಡೆ 'ಐ' ಬರೆಯುವ ಈ ತಪ್ಪನ್ನು ಒಂಟಿ ಸರ್ವನಾಮದಲ್ಲಿ ಯಾರೂ ಮಾಡುವುದಿಲ್ಲ. 'ಹಿ ಷೋಡ್ ಐ ದ ಲೀಕೇಜ್' ಅಂತ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೂ ಬರೆಯುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರೆ ಮಾತ್ರ ಎಡವಟ್ಟು ಶುರು. ನಡುವೆ 'ಅಂಡ್' ಅಥವಾ 'ಆರ್' ಇರುತ್ತದೆ, ಅದರ ಒಂದು ಕಡೆ ಹೆಸರೋ 'ಯು' ಎನ್ನುವುದೋ ಇರುತ್ತದೆ, ಇನ್ನೊಂದು ಕಡೆ ಸರ್ವನಾಮ. ಈ ಜೋಡಿಯ ಒಳಗೇ ದೋಷ. ಇದರ ಹೊರಗೆ ಹುಡುಕಬೇಕಾಗಿಲ್ಲ.

ಏಕೆ ಹೀಗೆ? ಇಂಗ್ಲಿಷಿನಲ್ಲಿ ವಿಭಕ್ತಿ ಹೆಚ್ಚುಕಡಿಮೆ ಸವೆದು ಹೋಗಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಕ್ಕೂ ವಿಭಕ್ತಿ ಇತ್ತು. ಈಗ 'ವಿನಯ್' ಅನ್ನುವ ಹೆಸರು ಕೆಲಸ ಮಾಡಿದವನಾದರೂ ಅಷ್ಟೇ, ಕೆಲಸ ಮಾಡಿಸಿಕೊಂಡವನಾದರೂ ಅಷ್ಟೇ, ರೂಪ ಬದಲಾಗುವುದಿಲ್ಲ. ಬದಲಾಗುವುದು ಬೆರಳೆಣಿಕೆಯ ಸರ್ವನಾಮಗಳು ಮಾತ್ರ: ಐ ಮತ್ತು ಮಿ, ಹಿ ಮತ್ತು ಹಿಮ್, ಷಿ ಮತ್ತು ಹರ್, ವಿ ಮತ್ತು ಅಸ್, ದೇ ಮತ್ತು ದೆಮ್, ಹೂ ಮತ್ತು ಹೂಮ್. ಮೊದಲನೆಯದು ಕರ್ತೃವಿನ ರೂಪ, ಎರಡನೆಯದು ಮಿಕ್ಕ ಕಡೆಗೆಲ್ಲ ಬಳಸುವ ರೂಪ.

'ಯು' ಈ ಪಟ್ಟಿಯಲ್ಲಿ ಇಲ್ಲ, ನೋಡಿ. ಒಂದು ಕಾಲಕ್ಕೆ ಅದಕ್ಕೂ ಜೋಡಿ ಇತ್ತು. ಕರ್ತೃವಿಗೆ 'ಯೀ', ಮಿಕ್ಕದ್ದಕ್ಕೆ 'ಯು'. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಯೋಹಾನನ ಸುವಾರ್ತೆಯ ಒಂದೇ ವಾಕ್ಯದಲ್ಲಿ ಎರಡೂ ಸಿಗುತ್ತವೆ: 'ಯೀ ಷಲ್ ನೋ ದ ಟ್ರೂತ್, ಅಂಡ್ ದ ಟ್ರೂತ್ ಷಲ್ ಮೇಕ್ ಯು ಫ್ರೀ.' ಸತ್ಯವನ್ನು ತಿಳಿಯುವವರು 'ಯೀ', ಸತ್ಯ ಬಿಡುಗಡೆ ಮಾಡುವುದು 'ಯು'ವನ್ನು. ಆಮೇಲೆ 'ಯೀ' ಮಾತಿನಿಂದ ಜಾರಿಹೋಯಿತು, ಎರಡೂ ಕೆಲಸ 'ಯು' ತಲೆಗೇ ಬಂತು. ಹಾಗಾಗಿ 'ಬಿಟ್ವೀನ್ ಯು ಅಂಡ್...' ತನಕ ಬರುವಾಗ ಈ ಜಾಗ ಯಾವ ರೂಪ ಕೇಳುತ್ತಿದೆ ಅಂತ ಕಿವಿಗೆ ಯಾವ ಸುಳಿವೂ ಸಿಗುವುದಿಲ್ಲ. ಅಲ್ಲಿ 'ಯು' ಬದಲು 'ಹಿಮ್' ಇದ್ದಿದ್ದರೆ, 'ಬಿಟ್ವೀನ್ ಹಿಮ್ ಅಂಡ್...' ಅಂದ ಮೇಲೆ 'ಮಿ' ತಾನಾಗಿ ಬಾಯಿಗೆ ಬರುವ ಸಾಧ್ಯತೆ ಜಾಸ್ತಿ. ವಿನಯ್ ಅನ್ನುವ ಹೆಸರೂ 'ಯು' ಹಾಗೆಯೇ ಮೂಕ. ತಪ್ಪೆಲ್ಲ ಈ ಮೂಕ ಜೊತೆಗಾರರ ಪಕ್ಕದಲ್ಲೇ ಜಾಸ್ತಿ ಆಗುವುದಕ್ಕೆ ಕಾರಣ ಇದು.

ಇನ್ನೊಂದು ಕಾರಣ ಶಾಲೆಯದ್ದು. ಇಂಗ್ಲಿಷ್ ಮನೆಮಾತಿನ ಮಕ್ಕಳು 'ಮಿ ಅಂಡ್ ಮೈ ಫ್ರೆಂಡ್ ವೆಂಟ್ ಔಟ್' ಅಂತ ಸಲೀಸಾಗಿ ಹೇಳುತ್ತಾರೆ. ದೊಡ್ಡವರು ತಿದ್ದುತ್ತಾರೆ, 'ಮೈ ಫ್ರೆಂಡ್ ಅಂಡ್ ಐ' ಅನ್ನು ಅಂತ. ತಿದ್ದಿದ್ದು ಸರಿ. ಆದರೆ ಒಂದೇ ಏಟಿಗೆ ಎರಡು ಬೇರೆ ಪಾಠ ಸೇರಿಸಿಬಿಟ್ಟರು. ನಿನ್ನನ್ನು ನೀನು ಕೊನೆಗೆ ಇಟ್ಟುಕೋ ಅನ್ನುವುದು ಮರ್ಯಾದೆಯ ಪಾಠ. ಕರ್ತೃವಾದರೆ 'ಐ' ಬಳಸು ಅನ್ನುವುದು ವ್ಯಾಕರಣದ ಪಾಠ. ಮಗುವಿನ ತಲೆಯಲ್ಲಿ ಉಳಿಯುವುದು ಮೂರನೆಯದೇ ಒಂದು: 'ಅಂಡ್' ಆದ ಮೇಲೆ 'ಐ' ಅಂದರೆ ಚೆನ್ನ, 'ಮಿ' ಅಂದರೆ ಒರಟು. ನಮ್ಮಲ್ಲಿ ಇಂಗ್ಲಿಷ್ ಕಲಿಯುವಾಗಲೂ ಇದೇ ಪಾಠ, ಇದೇ ಸುತ್ತಿನಲ್ಲಿ ಬರುತ್ತದೆ. ಅದಕ್ಕೇ ಈ ತಪ್ಪನ್ನು ಇಂಗ್ಲಿಷ್ ಬಾರದವರು ಮಾಡುವುದು ಕಡಿಮೆ. ಜಾಗ್ರತೆಯಿಂದ ಬರೆಯುವವರ ಕೈಯಲ್ಲೇ ಇದು ಹೆಚ್ಚು.

ಎಲಿಜಬೆತ್ ರಾಣಿಯ ಭಾಷಣಗಳಲ್ಲಿ 'ಮೈ ಹಸ್ಬಂಡ್ ಅಂಡ್ ಐ' ಎಷ್ಟು ಸಲ ಬಂದಿತ್ತೆಂದರೆ ಜನ ಅದನ್ನು ಅಣಕಿಸುತ್ತಿದ್ದರು. 1972ರಲ್ಲಿ ತಮ್ಮ ಮದುವೆಯ 25ನೇ ವರ್ಷದ ಸಮಾರಂಭದಲ್ಲಿ, ಇವತ್ತಾದರೂ ನಾನು ಇದೇ ಮಾತಿನಿಂದ ಶುರು ಮಾಡಿದರೆ ಯಾರೂ ಬೇಡ ಅನ್ನಲಾರರು ಎಂಬ ಅರ್ಥದಲ್ಲಿ ಅವರೇ ನಗೆಯಾಡಿದರು. ರಾಣಿಯ 'ಐ' ಕರ್ತೃವಿನ ಜಾಗದಲ್ಲಿತ್ತು, ಅದು ಸರಿ. ಅದರ ಗತ್ತು ಮಾತ್ರ ಹಿಡಿದುಕೊಂಡು 'ಹಿ ಇನ್ವೈಟೆಡ್ ಮೈ ಹಸ್ಬಂಡ್ ಅಂಡ್ ಐ' ಅಂದರೆ ಕೆಟ್ಟಿತು.

ಪರೀಕ್ಷೆ ಒಂದು: ಜೊತೆಗಾರನನ್ನು ಎಬ್ಬಿಸಿ ನೋಡಿ

ಎಲ್ಲರೂ ಹೇಳಿಕೊಡುವ ಪರೀಕ್ಷೆ ಇದು. ಜೋಡಿಯಿಂದ ಇನ್ನೊಬ್ಬರನ್ನೂ 'ಅಂಡ್' ಅನ್ನೂ ತೆಗೆದುಹಾಕಿ, ಉಳಿದ ವಾಕ್ಯ ಗಟ್ಟಿಯಾಗಿ ಓದಿ. ಎರಡನೇ ವಾಕ್ಯಕ್ಕೆ ಹಾಕಿದರೆ 'ದ ಓನರ್ ಷೋಡ್ ಐ ದ ಲೀಕೇಜ್' ಆಗುತ್ತದೆ. ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ, ಅಲ್ವಾ? ಅಲ್ಲಿಗೆ ಗೊತ್ತಾಯಿತು, 'ಮಿ' ಬೇಕು.

ಆದರೆ ಈ ಪರೀಕ್ಷೆ ಕೈಕೊಡುವ ಜಾಗ ಒಂದಿದೆ, ವಿಚಿತ್ರ ಅಂದರೆ ಅದು ನಮ್ಮ ಶೀರ್ಷಿಕೆಯ ಜಾಗವೇ. 'ಬಿಟ್ವೀನ್' ಅಂದರೆ ನಡುವೆ. ನಡುವೆ ಅನ್ನಬೇಕಾದರೆ ಇಬ್ಬರು ಬೇಕು. ಒಬ್ಬರನ್ನು ಎಬ್ಬಿಸಿದರೆ 'ಬಿಟ್ವೀನ್ ಐ' ಉಳಿಯುತ್ತದೆ, 'ಬಿಟ್ವೀನ್ ಮಿ' ಉಳಿಯುತ್ತದೆ. ಎರಡೂ ಅರ್ಧಂಬರ್ಧ. ಕಿವಿ ತೀರ್ಪು ಕೊಡದೆ ಸುಮ್ನೆ ಕೂರುತ್ತದೆ. ನಾಲ್ಕನೇ ವಾಕ್ಯದಲ್ಲೂ ಹೀಗೇ ಕಿರಿಕಿರಿ. ವಿನಯ್‌ನನ್ನು ತೆಗೆದರೆ 'ಹಿ ಥಿಂಕ್ಸ್ ಐ ಆರ್ ಟೂ ಸ್ಲೋ'. 'ಆರ್' ಬಹುವಚನ, 'ಐ' ಏಕವಚನ. ಇದು ತಪ್ಪಾಗಿ ಕೇಳಿಸುತ್ತದೆ. ಆದರೆ ತಪ್ಪಿರುವುದು ನಾವು ಈಗ ಮಾಡಿದ ಕತ್ತರಿಯಲ್ಲಿ, ಮೂಲ ವಾಕ್ಯದಲ್ಲಿ ಅಲ್ಲ.

ಪರೀಕ್ಷೆ ಎರಡು: ಜೋಡಿಯ ಜಾಗಕ್ಕೆ 'ನಾವು'

ಹಾಗಾಗಿ ನಾನು ಮೊದಲು ಹಾಕುವುದು ಬೇರೆ ಪರೀಕ್ಷೆ. ಜೋಡಿಯನ್ನು ಮುರಿಯಬೇಡಿ. ಇಡೀ ಜೋಡಿಯನ್ನೇ ಎತ್ತಿ ಆ ಜಾಗಕ್ಕೆ 'ವಿ' ಇಡಿ, ಆಮೇಲೆ 'ಅಸ್' ಇಡಿ. ಯಾವುದು ಕೂರುತ್ತದೋ ನೋಡಿ. 'ವಿ' ಕೂತರೆ ಜೋಡಿಯಲ್ಲಿ 'ಐ'. 'ಅಸ್' ಕೂತರೆ 'ಮಿ'. ಜೋಡಿಯಲ್ಲಿ ನಾನು ಇಲ್ಲದೆ ಬೇರೆ ಇಬ್ಬರಿದ್ದರೆ 'ದೇ' ಮತ್ತು 'ದೆಮ್' ಇಟ್ಟು ಇದೇ ಕೆಲಸ ಮಾಡಬಹುದು.

'ಬಿಟ್ವೀನ್ ವಿ' ಅಂತ ಹೇಳಿ ನೋಡಿ. ನಾಲಿಗೆಯೇ ಒಪ್ಪುವುದಿಲ್ಲ. 'ಬಿಟ್ವೀನ್ ಅಸ್' ತಕ್ಷಣ ಕೂರುತ್ತದೆ. ಆದ್ದರಿಂದ 'ಬಿಟ್ವೀನ್ ಯು ಅಂಡ್ ಮಿ'. ನಾಲ್ಕನೇ ವಾಕ್ಯ ನೋಡಿ: 'ಹಿ ಥಿಂಕ್ಸ್ ವಿ ಆರ್ ಟೂ ಸ್ಲೋ'. ಸಲೀಸು. ಹಾಗಾದರೆ ಅಲ್ಲಿ 'ಐ' ಸರಿಯಾಗಿಯೇ ಇತ್ತು, ಮುಟ್ಟಬಾರದು. ಮೊದಲ ಪರೀಕ್ಷೆ ಕಕ್ಕಾಬಿಕ್ಕಿ ಮಾಡಿದ ಎರಡೂ ಕಡೆ ಇದು ನೇರವಾಗಿ ಉತ್ತರ ಕೊಟ್ಟಿತು.

ಕನ್ನಡದ ಕಿವಿ ಎಷ್ಟು ದೂರ ಬರುತ್ತದೆ

ನಮ್ಮ ಕೈಯಲ್ಲಿ ಇನ್ನೊಂದು ಉಪಕರಣ ಇದೆ, ಇಂಗ್ಲಿಷ್ ಮನೆಮಾತಿನವರ ಹತ್ತಿರ ಇಲ್ಲದ್ದು. ನಮ್ಮ ಭಾಷೆಯಲ್ಲಿ ವಿಭಕ್ತಿ ಸವೆದಿಲ್ಲ. ನಾನು, ನನ್ನನ್ನು, ನನ್ನಿಂದ, ನನಗೆ, ನನ್ನ, ನನ್ನಲ್ಲಿ ಅಂತ ಶಾಲೆಯಲ್ಲಿ ಕೂತು ಬಾಯಿಪಾಠ ಮಾಡುವ ಮೊದಲೇ ಮನೆಯಲ್ಲಿ ಬಳಸುತ್ತಿದ್ದೆವು. ಜೋಡಿಯಲ್ಲಿ ಬಂದರೂ ನಾವು ವಿಭಕ್ತಿ ಬಿಡುವುದಿಲ್ಲ. 'ನಿನ್ನ ನನ್ನ ನಡುವೆ' ಅನ್ನುತ್ತೇವೆ. 'ನಿನ್ನ ನಾನು ನಡುವೆ' ಅಂತ ಎರಡು ವರ್ಷದ ಮಗುವೂ ಹೇಳಿದ್ದು ನಾನು ಕೇಳಿಲ್ಲ. 'ನಿನಗೂ ನನಗೂ', 'ನಿನ್ನನ್ನೂ ನನ್ನನ್ನೂ', ಎರಡು ಕಡೆಯೂ ಗುರುತು ಬೀಳುತ್ತದೆ. 'ನೀನು' ಕೂಡ ಇಂಗ್ಲಿಷಿನ 'ಯು' ಹಾಗೆ ಮೂಕ ಅಲ್ಲ.

ಅಂದರೆ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, 'ನಾನು' ಬಂತಾ, ಅಥವಾ 'ನನ್ನ, ನನಗೆ, ನನ್ನನ್ನು' ಬಂತಾ ಅಂತ ನೋಡಬಹುದು. 'ನಾನು' ಬಂದರೆ 'ಐ', ಬೇರೇನು ಬಂದರೂ 'ಮಿ'. ಮೂರನೇ ವಾಕ್ಯ ಕನ್ನಡದಲ್ಲಿ 'ವಿನಯ್‌ಗೂ ನನಗೂ ಮತ್ತೆ ಬರೋಕೆ ಹೇಳಿದರು'. 'ನನಗೂ' ಇದೆ, ಹಾಗಾಗಿ 'ಮಿ'. ನಾಲ್ಕನೆಯದು 'ವಿನಯ್ ಮತ್ತು ನಾನು ತುಂಬಾ ನಿಧಾನ ಅಂತ ಅವರು ಅಂದುಕೊಂಡಿದ್ದಾರೆ'. 'ನಾನು' ಇದೆ, ಹಾಗಾಗಿ 'ಐ'. ಎರಡೂ ಸರಿಯಾಗಿ ಬಂತು.

ಇಷ್ಟಕ್ಕೆ ಖುಷಿಯಾಗಿ ಇದೊಂದನ್ನೇ ನಂಬಿ ಹೊರಡಬೇಡಿ. ನಾನು ಹಾಗೆ ಹೊರಟು ಪೆಟ್ಟು ತಿಂದಿದ್ದೇನೆ. ಕನ್ನಡದ ಒಂದಷ್ಟು ಮಾತುಗಳಲ್ಲಿ ಅನುಭವಿಸುವವನಿಗೆ 'ಗೆ' ಅಂಟುತ್ತದೆ. ಬೇಕು, ಬೇಡ, ಗೊತ್ತು, ಇಷ್ಟ, ಹಸಿವು, ಜ್ವರ, ನೆನಪು, ಇವೆಲ್ಲ ಹಾಗೆ. 'ವಿನಯ್‌ಗೂ ನನಗೂ ಎರಡು ದಿನ ಬೇಕು'. ಇಲ್ಲಿ 'ನನಗೂ' ಬಂತು ಅಂತ 'ಮಿ' ಹಾಕಿದರೆ 'ವಿನಯ್ ಅಂಡ್ ಮಿ ನೀಡ್ ಟೂ ಡೇಸ್' ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಬೇಕಾಗುವವನು ಕರ್ತೃ. 'ವಿ ನೀಡ್ ಟೂ ಡೇಸ್' ಸರಿ ತಾನೇ? ಹಾಗಾದರೆ 'ವಿನಯ್ ಅಂಡ್ ಐ ನೀಡ್ ಟೂ ಡೇಸ್'. 'ನನ್ನಿಂದ ಆಗಲ್ಲ' ಅನ್ನುವುದೂ ಹೀಗೇ. ಕನ್ನಡದಲ್ಲಿ 'ನನ್ನಿಂದ', ಇಂಗ್ಲಿಷಿನಲ್ಲಿ 'ಐ'.

ಉಲ್ಟಾ ಮೋಸವೂ ಇದೆ. 'ನೀನು ನಾನು ಹೋಗಿ ನೋಡೋಣ' ಅನ್ನುವಾಗ ಕನ್ನಡದಲ್ಲಿ ಇಬ್ಬರೂ ಕರ್ತೃಗಳು. ಇಂಗ್ಲಿಷಿನ 'ಲೆಟ್' ಮಾತ್ರ ತನ್ನ ಮುಂದಿನವರನ್ನು ಕರ್ಮ ಮಾಡಿಕೊಳ್ಳುತ್ತದೆ. 'ಲೆಟ್ ಅಸ್ ಗೋ' ಅನ್ನುತ್ತೇವೆಯೇ ಹೊರತು 'ಲೆಟ್ ವಿ ಗೋ' ಅನ್ನುವುದಿಲ್ಲ. ಹಾಗಾಗಿ 'ಲೆಟ್ ಯು ಅಂಡ್ ಮಿ ಗೋ ಅಂಡ್ ಸೀ'. ಕನ್ನಡದ 'ನಾನು' ಹಿಡಿದುಕೊಂಡರೆ ಇಲ್ಲಿ 'ಐ' ಬಂದು ಕೂರುತ್ತದೆ.

ಆದ್ದರಿಂದ ನನ್ನ ಲೆಕ್ಕ ಹೀಗಿದೆ. ಕನ್ನಡದ ಕಿವಿ ಸಂಶಯ ಎಬ್ಬಿಸುವುದಕ್ಕೆ ಒಳ್ಳೆಯದು. ತೀರ್ಪು 'ವಿ' ಮತ್ತು 'ಅಸ್' ಕೈಯಲ್ಲಿ ಬಿಡಿ. ಎರಡೂ ಒಂದೇ ಉತ್ತರ ಕೊಟ್ಟರೆ ಮುಂದೆ ಹೋಗಿ. ಜಗಳ ಬಿದ್ದರೆ ವಾಕ್ಯದಲ್ಲಿ ಬೇಕು, ಗೊತ್ತು ತರಹದ ಮಾತು ಅಡಗಿದೆಯಾ ಅಂತ ನೋಡಿ. ಅಲ್ಲಿ ಇಂಗ್ಲಿಷಿನ ಮಾತೇ ನಡೆಯಬೇಕು.

ಮೇಲ್ ರಿಪೇರಿ, ಮತ್ತು ನಾನು ಮಾಡಿದ ತಪ್ಪು

ಈಗ ಆ ಆರು ವಾಕ್ಯ. ಸಹೋದ್ಯೋಗಿ ನನ್ನ ಮೇಜಿನ ಪಕ್ಕ ನಿಂತಿದ್ದರು. ನನಗೆ ಸೈಟಿಗೆ ಹೊರಡುವ ಅವಸರ. ಎರಡನೇ ವಾಕ್ಯದ ಮೇಲೆ ಬೆರಳಿಟ್ಟು, 'ವರ್ಬ್ ಆದ ಮೇಲೆ ಮಿ ಬರಬೇಕು ಮೇಡಂ, ಐ ಅಲ್ಲ' ಅಂದೆ. 'ಎಲ್ಲಾ ಕಡೆನಾ ಸರ್?' ಅಂದರು. 'ಹೂಂ, ನೋಡ್ಕೊಂಡು ಹಾಕಿ' ಅಂತ ಹೇಳಿ ಹೊರಟೆ.

ಸಂಜೆ ಬಂದು ನೋಡಿದರೆ ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಎರಡನೆಯದು ಸರಿಯಾಗಿತ್ತು, ಮೂರನೆಯದೂ ಸರಿಯಾಗಿತ್ತು. ನಾಲ್ಕನೆಯದು 'ಹಿ ಥಿಂಕ್ಸ್ ವಿನಯ್ ಅಂಡ್ ಮಿ ಆರ್ ಟೂ ಸ್ಲೋ' ಆಗಿತ್ತು. 'ಥಿಂಕ್ಸ್' ಕೂಡ ವರ್ಬ್ ತಾನೇ! ಐದನೆಯದರಲ್ಲಿ ಜೋಡಿಯ ಹಿಂದೆ ವರ್ಬ್ ಇಲ್ಲವಲ್ಲ, ಅದನ್ನು ಮುಟ್ಟಿರಲಿಲ್ಲ. ಅಂದರೆ ಸರಿಯಿದ್ದ ಒಂದು ವಾಕ್ಯ ಕೆಟ್ಟಿತ್ತು, ಕೆಟ್ಟಿದ್ದ ಒಂದು ಹಾಗೇ ಉಳಿದಿತ್ತು. ದೋಷ ಅವರದಲ್ಲ, ನಾನು ಬಾಗಿಲಲ್ಲಿ ನಿಂತು ಹೇಳಿದ ಸೂತ್ರದ್ದು.

'ಥಿಂಕ್ಸ್' ಆದ ಮೇಲೆ ಏನಾಗುತ್ತದೆ ನೋಡಿ. ಅವರು ಅಂದುಕೊಂಡಿರುವುದು ವಿನಯ್‌ನನ್ನೂ ಅಲ್ಲ, ನನ್ನನ್ನೂ ಅಲ್ಲ. 'ವಿನಯ್ ಮತ್ತು ನಾನು ನಿಧಾನ' ಅನ್ನುವ ಪೂರ್ತಿ ಒಂದು ಸಂಗತಿಯನ್ನು. ಆ ಸಂಗತಿಯ ಒಳಗೆ 'ಆರ್' ಅನ್ನುವ ಕ್ರಿಯಾಪದ ಇದೆ, ಅದಕ್ಕೆ ಒಂದು ಕರ್ತೃ ಬೇಕು. ಆ ಕರ್ತೃವೇ ನಮ್ಮ ಜೋಡಿ. ಹಾಗಾಗಿ ಹಿಂದೆ ಯಾವ ಕ್ರಿಯಾಪದ ಇದೆ ಅನ್ನುವುದಕ್ಕಿಂತ, ಜೋಡಿಯ ಮುಂದೆ ಅದರದ್ದೇ ಆದ ಕ್ರಿಯಾಪದ ಇದೆಯಾ ಅಂತ ಕೇಳಬೇಕು. 'ಆರ್', 'ವರ್', 'ವಿಲ್', 'ವೆಂಟ್' ತರಹ ಕಾಲ ತೋರಿಸುವ ಕ್ರಿಯಾಪದ ಜೋಡಿಗೆ ಸೇರಿದ್ದಾಗಿದ್ದರೆ 'ಐ'.

ಮೂರನೇ ವಾಕ್ಯ ಇದಕ್ಕೆ ಅಣ್ಣತಮ್ಮನ ಹಾಗೆ ಕಾಣುತ್ತದೆ. 'ಹಿ ಆಸ್ಕ್‌ಡ್ ವಿನಯ್ ಅಂಡ್ ಮಿ ಟು ಕಮ್ ಅಗೇನ್'. ಇಲ್ಲೂ ಜೋಡಿಯ ಮುಂದೆ 'ಕಮ್' ಇದೆ, ಬರುವವರು ನಾವೇ. ಅದಕ್ಕೇ ಅಲ್ಲಿ 'ಐ' ಹಾಕುವ ಆಸೆ ಆಗುತ್ತದೆ. ಆದರೆ 'ಟು ಕಮ್' ಕಾಲ ತೋರಿಸುವುದಿಲ್ಲ. ಕಾಲ ತೋರಿಸದ ಕ್ರಿಯಾಪದಕ್ಕೆ 'ಐ' ಬೇಡ. 'ಹಿ ಆಸ್ಕ್‌ಡ್ ಅಸ್ ಟು ಕಮ್', ಹೀಗೆ ಇಟ್ಟು ನೋಡಿದರೆ ತಕರಾರೇ ಇಲ್ಲ. 'ಇಟ್ ಈಸ್ ಫಾರ್ ಯು ಅಂಡ್ ಮಿ ಟು ಡಿಸೈಡ್' ಅನ್ನುವುದೂ ಇದೇ ಜಾತಿ. ಇವೆರಡು, ಅಂದರೆ ಮೂರನೆಯದೂ ನಾಲ್ಕನೆಯದೂ, ಪಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡಿದರೆ ಈ ದೋಷದ ಮುಕ್ಕಾಲು ಪಾಲು ಕೈಗೆ ಬಂದ ಹಾಗೆ.

ಮೊದಲ ವಾಕ್ಯ ಮೊದಲಿಂದಲೂ ಸರಿ ಇತ್ತು. ಉಳಿದದ್ದು ಆರನೆಯದು.

'ಮೈಸೆಲ್ಫ್' ಅನ್ನುವ ತೇಪೆ

'ಐ' ಹಾಕಲಾ 'ಮಿ' ಹಾಕಲಾ ಅಂತ ಗೊತ್ತಾಗದೆ ಹೋದಾಗ ಜನ ಕೈಗೆತ್ತಿಕೊಳ್ಳುವುದು 'ಮೈಸೆಲ್ಫ್'. ಗೋಡೆ ಒಸರುವ ಕಡೆ ಮೇಲಿಂದ ಪೇಂಟ್ ಬಳಿದ ಹಾಗೆ. ಕಾಣಿಸುವುದಿಲ್ಲ, ಹೋಗಿಯೂ ಇರುವುದಿಲ್ಲ. 'ಟು ವಿನಯ್ ಆರ್ ಮೈಸೆಲ್ಫ್' ಕೇಳುವುದಕ್ಕೆ ಆಫೀಸಿನ ಗತ್ತಿದೆ. ಆದರೆ 'ಮೈಸೆಲ್ಫ್'ಗೆ ಇಂಗ್ಲಿಷಿನಲ್ಲಿ ಎರಡೇ ಖಾಯಂ ಕೆಲಸ. ಒಂದು, ಮಾಡುವವನೂ ಮಾಡಿಸಿಕೊಳ್ಳುವವನೂ ನಾನೇ ಆದಾಗ: 'ಐ ಕಟ್ ಮೈಸೆಲ್ಫ್'. ಇನ್ನೊಂದು, ನಾನೇ ಖುದ್ದಾಗಿ ಅಂತ ಒತ್ತಿ ಹೇಳುವಾಗ: 'ಐ ಚೆಕ್ಡ್ ದ ಸಂಪ್ ಮೈಸೆಲ್ಫ್'. ಎರಡರಲ್ಲೂ ಅದೇ ವಾಕ್ಯದಲ್ಲಿ 'ಐ' ಇದೆ, ನೋಡಿ. ಕೊಟೇಶನ್ ಕಳಿಸುವವರು ಸಪ್ಲೈಯರ್. ಆ ವಾಕ್ಯದಲ್ಲಿ 'ಐ' ಎಲ್ಲೂ ಇಲ್ಲ. 'ಸೆಂಡ್ ಇಟ್ ಟು ಅಸ್', ಹಾಗಾಗಿ 'ಟು ವಿನಯ್ ಆರ್ ಮಿ'. 'ಮಿ' ಅಂದರೆ ಒರಟು ಅನ್ನಿಸಿದರೆ ಅದು ಹಳೆಯ ಪಾಠದ ಹ್ಯಾಂಗೋವರ್, ಅಷ್ಟೆ.

ಒಡೆತನದ ಜೋಡಿಯಲ್ಲೂ ಇಂಥದ್ದೇ ಒದ್ದಾಟ ಇದೆ. 'ವಿನಯ್ ಅಂಡ್ ಐಸ್ ರಿಪೋರ್ಟ್' ಅಂತ ಬರೆದವರನ್ನು ಕಂಡಿದ್ದೇನೆ. 'ವಿನಯ್ಸ್ ಅಂಡ್ ಮೈ ರಿಪೋರ್ಟ್' ಅನ್ನಬೇಕು. ಅದು ಬಾಯಿಗೆ ತೊಡಕು ಅನ್ನಿಸಿದರೆ 'ಅವರ್ ರಿಪೋರ್ಟ್' ಸಾಕು.

ಹುಡುಕಿ ಹಿಡಿಯುವುದು

ಒಂದೆರಡು ಪುಟದ ಪತ್ರವಾದರೆ `Ctrl+F` ಒತ್ತಿ ` and I` ಅಂತ ಹುಡುಕಿ, ಸಿಕ್ಕ ಪ್ರತಿ ಜಾಗದಲ್ಲೂ 'ವಿ' ಮತ್ತು 'ಅಸ್' ಇಟ್ಟು ನೋಡಿ. ಆಮೇಲೆ ` and me` ಹುಡುಕಿ, ಇದನ್ನು ಮರೆಯಬೇಡಿ. ನಮ್ಮ ಮೇಲ್‌ನ ನಾಲ್ಕನೇ ವಾಕ್ಯದ ಹಾಗೆ ತಿದ್ದುವ ಭರದಲ್ಲಿ ಕೆಟ್ಟದ್ದು ಅಲ್ಲೇ ಸಿಗುವುದು. ಕೊನೆಗೆ `myself`.

ದೊಡ್ಡ ಕಡತ ಇದ್ದು, ಕಮಾಂಡ್ ಬಳಸುವ ಅಭ್ಯಾಸ ಇದ್ದವರು ಇದನ್ನು ಹಾಕಬಹುದು:

```
grep -niE '(between|for|to|with|from) [A-Za-z]+ and (I|he|she|we|they)\b' mail.txt
```

ಇದು ಅರ್ಧ ಕುರುಡು ಅಂತ ಮೊದಲೇ ತಿಳಿದಿರಲಿ. ಜೊತೆಗಾರನ ಹೆಸರು ಒಂದೇ ಪದ ಇದ್ದರೆ ಮಾತ್ರ ಹಿಡಿಯುತ್ತದೆ, 'ಟು ಮೈ ಬ್ರದರ್ ಅಂಡ್ ಐ' ಇದರ ಕೈಗೆ ಸಿಗುವುದಿಲ್ಲ. 'ಷೋಡ್ ವಿನಯ್ ಅಂಡ್ ಐ' ಕೂಡ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಹಿಂದೆ ಇರುವುದು ಕ್ರಿಯಾಪದ. ಜೊತೆಗೆ ನಿರಪರಾಧಿಗಳನ್ನೂ ಎಳೆದು ತರುತ್ತದೆ. 'ಐ ಸ್ಪೋಕ್ ಟು ವಿನಯ್ ಅಂಡ್ ಹಿ ಕೇಮ್' ಅನ್ನುವ ವಾಕ್ಯ ಸರಿಯಾಗೇ ಇದೆ. ಅಲ್ಲಿ 'ಅಂಡ್' ಜೋಡಿಸಿರುವುದು ಎರಡು ವಾಕ್ಯಗಳನ್ನು, ಇಬ್ಬರನ್ನಲ್ಲ. ಕಮಾಂಡಿಗೆ ಅದು ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಕಣ್ಣು ಮುಚ್ಚಿ ಬದಲಾಯಿಸಿದರೆ ನನ್ನ ಬಾಗಿಲ ಸೂತ್ರದ ಕಥೆಯೇ ಮತ್ತೆ.

ಎಲ್ಲಿ ಕೈ ಬಿಡಬೇಕು

ಕೆಲವು ಜಾಗಗಳಲ್ಲಿ ಇಂಗ್ಲಿಷಿನವರೇ ಒಮ್ಮತಕ್ಕೆ ಬಂದಿಲ್ಲ. 'ಇಟ್ ವಾಸ್ ವಿನಯ್ ಅಂಡ್ ಮಿ' ಮಾತಿನಲ್ಲಿ ಸಹಜ, ತೀರಾ ಶಿಸ್ತಿನ ಬರಹದಲ್ಲಿ 'ವಿನಯ್ ಅಂಡ್ ಐ' ಕಾಣಬಹುದು. 'ದ್ಯಾನ್' ಬಳಸಿ ಹೋಲಿಸುವಾಗಲೂ ಇದೇ ಎಳೆದಾಟ. ನಾನು ಅಲ್ಲಿ ತಲೆ ಕೆಡಿಸಿಕೊಳ್ಳದೆ ವಾಕ್ಯವನ್ನೇ ಬೇರೆ ಥರ ಬರೆಯುತ್ತೇನೆ: 'ವಿನಯ್ ಅಂಡ್ ಐ ಡಿಡ್ ಇಟ್'.

ಇನ್ನು 'ಬಿಟ್ವೀನ್ ಯು ಅಂಡ್ ಐ' ಇವತ್ತಿನ ಕಾಲದ ಹುಡುಗರು ಕೆಡಿಸಿದ್ದು ಅಂತ ಯಾರಾದರೂ ಅಂದರೆ, ಶೇಕ್ಸ್‌ಪಿಯರ್‌ನ 'ಮರ್ಚೆಂಟ್ ಆಫ್ ವೆನಿಸ್' ತೆಗೆದು ಮೂರನೇ ಅಂಕದ ಎರಡನೇ ದೃಶ್ಯ ತೋರಿಸಿ. 1600ರಲ್ಲಿ ಅಚ್ಚಾದ ನಾಟಕ. ಹಡಗುಗಳೆಲ್ಲ ಮುಳುಗಿ, ಸಾಲಗಾರನ ಕೈಗೆ ಸಿಕ್ಕಿಬಿದ್ದ ಅಂಟೋನಿಯೋ ಗೆಳೆಯ ಬಸ್ಸಾನಿಯೋಗೆ ಕಾಗದ ಬರೆಯುತ್ತಾನೆ. ಸಾಯುವ ಮೊದಲು ನಿನ್ನನ್ನು ಒಮ್ಮೆ ನೋಡಿಬಿಟ್ಟರೆ ಸಾಕು, 'ಆಲ್ ಡೆಟ್ಸ್ ಆರ್ ಕ್ಲಿಯರ್ಡ್ ಬಿಟ್ವೀನ್ ಯು ಅಂಡ್ ಐ' ಅಂತ. ಆ ಕಾಲದಲ್ಲಿ ಈ ಬಳಕೆ ಅಪರೂಪ ಆಗಿರಲಿಲ್ಲ. ತಪ್ಪು ಅನ್ನುವ ಹಣೆಪಟ್ಟಿ ಅಂಟಿಸಿದ್ದು ಆಮೇಲೆ ಬಂದ ವ್ಯಾಕರಣದವರು. 2002ರಲ್ಲಿ ಬಂದ ಕೇಂಬ್ರಿಡ್ಜ್‌ನ ದೊಡ್ಡ ಇಂಗ್ಲಿಷ್ ವ್ಯಾಕರಣ ಕೂಡ, ಇಷ್ಟೊಂದು ಮಂದಿ ಶಿಷ್ಟ ಇಂಗ್ಲಿಷ್ ಆಡುವವರು ಹೀಗೆ ಹೇಳುವಾಗ ಇದನ್ನು ಶಿಷ್ಟ ಭಾಷೆಯ ಒಂದು ಬಗೆ ಅಂತಲೇ ಕಾಣಬೇಕು ಅನ್ನುವ ಕಡೆಗೆ ವಾಲುತ್ತದೆ.

ಇದು ಗೊತ್ತಿದ್ದೂ ನಾನು ಆಫೀಸಿನ ಮೇಲ್‌ನಲ್ಲಿ ತಿದ್ದುತ್ತೇನೆ. ಮಾತಿನಲ್ಲಿ ಯಾರಾದರೂ ಹಾಗೆ ಅಂದರೆ ಬಾಯಿ ಹಾಕುವುದಿಲ್ಲ. ಬರಹದಲ್ಲಿ ಮಾತ್ರ, ಓದುವವರು ನಮ್ಮ ಅಳತೆ, ನಮ್ಮ ದರ ನೋಡಬೇಕಾದ ಹೊತ್ತಿನಲ್ಲಿ ಒಂದು 'ಐ' ಮೇಲೆ ಕಣ್ಣು ನಿಲ್ಲುವುದು ಬೇಡ.

ಆ ಸಂಜೆ ನಾವಿಬ್ಬರೂ ಕೂತು ನಾಲ್ಕನೆಯದನ್ನು ಮತ್ತೆ 'ಐ' ಮಾಡಿದೆವು, ಆರನೆಯದನ್ನು 'ಮಿ' ಮಾಡಿದೆವು, ಐದನೆಯದನ್ನು 'ಬಿಟ್ವೀನ್ ಯು ಅಂಡ್ ಮಿ' ಅಂತ ಸರಿಮಾಡಿದೆವು. ಕಳಿಸುವ ಬಟನ್ ಒತ್ತುವ ಮೊದಲು ಮೇಡಂ ಸುಮ್ನೆ ಮೇಲೆ ಕಣ್ಣಾಡಿಸಿ, 'ಸರ್, ಸಿಸಿ ನೋಡಿ' ಅಂದರು. ಸಿಸಿಯಲ್ಲಿ ನಾಲ್ಕು ಹೆಸರಿತ್ತು. ಮೂರನೆಯದು ಬಿಲ್ಡರ್‌ದು. ಐದನೇ ವಾಕ್ಯ ಅಳಿಸಿ ಕಳಿಸಿದೆವು.